ಬಿಲ್ ಲೆಕ್ಕ: ಡಿಸ್ಕೌಂಟ್ ಆಯ್ತು, ಬೌನ್ಸ್ ಆಯ್ತು, ಮತ್ತೆ ಬರೆಸಿದ್ದಾಯ್ತು

ತೀರ್ಥಹಳ್ಳಿಯ ಮಂಜಪ್ಪ 2024ರ ಏಪ್ರಿಲ್ 1ರಂದು ಶಿವಮೊಗ್ಗದ ನಾಗರಾಜನಿಗೆ 1 ಕ್ವಿಂಟಾಲ್ 20 ಕೆ.ಜಿ. ರಾಶಿ ಅಡಿಕೆ ಮಾರಿದರು. ಕ್ವಿಂಟಾಲಿಗೆ ₹50,000, ಒಟ್ಟು ₹60,000. (ಜಿಎಸ್‌ಟಿ ಬಿಟ್ಟಿದ್ದೇನೆ, ಇಲ್ಲಿ ಅದು ಸುಮ್ನೆ ತಲೆನೋವು.) ಮೂರು ತಿಂಗಳಿಗೆ ಆ ದುಡ್ಡು ಕೊಡಬೇಕೆಂದು ವಿನಿಮಯ ಬಿಲ್ ಬರೆದರು, ನಾಗರಾಜ ಸಹಿ ಹಾಕಿ ಒಪ್ಪಿಕೊಂಡ. ಮೂರು ದಿನ ರಿಯಾಯಿತಿ ಸೇರಿ ವಾಯಿದೆ ಜುಲೈ 4.

ಏಪ್ರಿಲ್ 4ಕ್ಕೆ ಮಂಜಪ್ಪ ಬಿಲ್ಲನ್ನು ಬ್ಯಾಂಕಿಗೆ ಕೊಟ್ಟು 12% ದರದಲ್ಲಿ ಡಿಸ್ಕೌಂಟ್ ಮಾಡಿಸಿದರು, ಅಂದರೆ ವಾಯಿದೆವರೆಗಿನ ಬಡ್ಡಿ ಕಳೆದು ಉಳಿದ ದುಡ್ಡನ್ನು ಅಂದೇ ಪಡೆದರು. ಜುಲೈ 4ಕ್ಕೆ ನಾಗರಾಜನ ಕೈಲಿ ದುಡ್ಡಿಲ್ಲ. ಬಿಲ್ ಬೌನ್ಸ್ ಆಯ್ತೆಂದು ನೋಟರಿಯಿಂದ ದಾಖಲಿಸಲು ಬ್ಯಾಂಕ್ ₹200 ನೋಟಿಂಗ್ ಖರ್ಚು ಕೊಟ್ಟು, ಎಲ್ಲ ಸೇರಿಸಿ ಮಂಜಪ್ಪನ ಖಾತೆಯಿಂದಲೇ ಎಳೆದುಕೊಂಡಿತು. ನಾಗರಾಜ ಅಂದೇ ₹20,200 ಚೆಕ್ ಕೊಟ್ಟು, ಉಳಿದ ₹40,000ಕ್ಕೆ 12% ಬಡ್ಡಿ ಸೇರಿಸಿ ಎರಡು ತಿಂಗಳ ಹೊಸ ಬಿಲ್ ಒಪ್ಪಿಕೊಂಡ.

ಡಿಸ್ಕೌಂಟ್: 60,000 × 12% × 3/12 = ₹1,800
ಬಡ್ಡಿ: 40,000 × 12% × 2/12 = ₹800

ಮಂಜಪ್ಪನ ಪುಸ್ತಕ (ಡ್ರಾಯರ್)

ಏ. 1: ನಾಗರಾಜ ಖಾತೆ ಡೆಬಿಟ್ 60,000, ಮಾರಾಟ ಖಾತೆಗೆ 60,000
ಏ. 1: ಬಿಲ್ಸ್ ರಿಸೀವಬಲ್ ಡೆಬಿಟ್ 60,000, ನಾಗರಾಜ ಖಾತೆಗೆ 60,000
ಏ. 4: ಬ್ಯಾಂಕ್ ಡೆಬಿಟ್ 58,200, ಡಿಸ್ಕೌಂಟ್ ಡೆಬಿಟ್ 1,800, ಬಿಲ್ಸ್ ರಿಸೀವಬಲ್‌ಗೆ 60,000
ಜು. 4: ನಾಗರಾಜ ಡೆಬಿಟ್ 60,200, ಬ್ಯಾಂಕಿಗೆ 60,200

ಹುಡುಗರು ಜಾಸ್ತಿ ಎಡವುವುದು ಈ ನಾಲ್ಕನೇ ನಮೂದಿನಲ್ಲಿ. ಬಿಲ್ಸ್ ರಿಸೀವಬಲ್‌ಗೆ ಕ್ರೆಡಿಟ್ ಕೊಟ್ಟುಬಿಡುತ್ತಾರೆ. ಅದು ಏಪ್ರಿಲ್ 4ಕ್ಕೇ ಖಾಲಿಯಾಗಿದೆ, ಅಲ್ವಾ? ಬಿಲ್ ಇದ್ದದ್ದು ಬ್ಯಾಂಕಿನ ಬಳಿ, ದುಡ್ಡು ಹೋದದ್ದೂ ಬ್ಯಾಂಕ್ ಖಾತೆಯಿಂದ. ಕೊಟ್ಟ ₹1,800 ಡಿಸ್ಕೌಂಟ್ ಮಾತ್ರ ವಾಪಸ್ ಬರುವುದಿಲ್ಲ, ಅದು ಮಂಜಪ್ಪನ ನಷ್ಟ.

ಜು. 4: ನಾಗರಾಜ ಡೆಬಿಟ್ 800, ಬಡ್ಡಿ ಖಾತೆಗೆ 800
ಜು. 4: ಬ್ಯಾಂಕ್ ಡೆಬಿಟ್ 20,200, ಬಿಲ್ಸ್ ರಿಸೀವಬಲ್ ಡೆಬಿಟ್ 40,800; ನಾಗರಾಜ ಖಾತೆಗೆ 61,000

ಹೊಸ ಬಿಲ್ಲಿನ ವಾಯಿದೆ ಲೆಕ್ಕದ ಪ್ರಕಾರ ಸೆಪ್ಟೆಂಬರ್ 7. ಅವತ್ತು ಗಣೇಶ ಚತುರ್ಥಿ, ಬ್ಯಾಂಕ್ ರಜೆ. ಮೊದಲೇ ಗೊತ್ತಿರುವ ಸಾರ್ವಜನಿಕ ರಜೆ ಬಂದರೆ ವಾಯಿದೆ ಹಿಂದಿನ ಕೆಲಸದ ದಿನಕ್ಕೆ ಸರಿಯುತ್ತದೆ, ಮುಂದಕ್ಕಲ್ಲ. ಹಾಗಾಗಿ 6ನೇ ತಾರೀಖು. ಈ ಸಲ ನಾಗರಾಜ ಮಾತು ಉಳಿಸಿಕೊಂಡ. ಮಂಜಪ್ಪ ಬಿಲ್ಲನ್ನು ತಮ್ಮ ಬಳಿಯೇ ಇಟ್ಟುಕೊಂಡಿದ್ದರು.

ಸೆ. 6: ಬ್ಯಾಂಕ್ ಡೆಬಿಟ್ 40,800; ಬಿಲ್ಸ್ ರಿಸೀವಬಲ್‌ಗೆ 40,800

ನಾಗರಾಜನ ಪುಸ್ತಕ (ಡ್ರಾಯೀ)

ಇಲ್ಲಿ ಏಪ್ರಿಲ್ 4ಕ್ಕೆ ಏನೂ ಬರೆಯುವ ಹಾಗಿಲ್ಲ. ಬಿಲ್ ಯಾರ ಕೈಗೆ ಹೋದರೂ ಅವನ ಸಾಲ ಅಷ್ಟೇ.

ಏ. 1: ಖರೀದಿ ಡೆಬಿಟ್ 60,000; ಮಂಜಪ್ಪ ಖಾತೆಗೆ 60,000
ಏ. 1: ಮಂಜಪ್ಪ ಡೆಬಿಟ್ 60,000, ಬಿಲ್ಸ್ ಪೇಯಬಲ್‌ಗೆ 60,000
ಜು. 4: ಬಿಲ್ಸ್ ಪೇಯಬಲ್ ಡೆಬಿಟ್ 60,000, ನೋಟಿಂಗ್ ಖರ್ಚು ಡೆಬಿಟ್ 200, ಮಂಜಪ್ಪ ಖಾತೆಗೆ 60,200
ಜು. 4: ಬಡ್ಡಿ ಡೆಬಿಟ್ 800, ಮಂಜಪ್ಪ ಖಾತೆಗೆ 800
ಜು. 4: ಮಂಜಪ್ಪ ಡೆಬಿಟ್ 61,000, ಬ್ಯಾಂಕಿಗೆ 20,200, ಬಿಲ್ಸ್ ಪೇಯಬಲ್‌ಗೆ 40,800
ಸೆ. 6: ಬಿಲ್ಸ್ ಪೇಯಬಲ್ ಡೆಬಿಟ್ 40,800, ಬ್ಯಾಂಕಿಗೆ 40,800