14 ಫ್ರಾಕ್ ಕಳಿಸಿದರೂ ಬ್ಯಾಂಕಿಗೆ 1,716 ರೂಪಾಯಿಯೇ ಬಂದದ್ದು ಯಾಕೆ

ಅಕ್ಕಾ,

ನಿನ್ನೆ ಬಿ.ಎಚ್. ರಸ್ತೆಯ ನನ್ನ ಆಫೀಸಿಗೆ ಬಂದು, "14 ಫ್ರಾಕ್ ಕಳಿಸಿದ್ದೀನಿ, ಬಂದಿರೋದು 1,716 ರೂಪಾಯಿ 40 ಪೈಸೆ. ನನ್ನ ದುಡ್ಡು ತಿಂದ್ಬಿಟ್ರಾ?" ಅಂತ ಕೇಳಿದಿರಿ. ರಾತ್ರಿ ಕೂತು, ನೀವು ಫ್ರಾಕ್ ಮಾರುವ ಆನ್‌ಲೈನ್ ಆ್ಯಪ್‌ನವರ ಪಾಲಿಸಿ ಪೂರ್ತಿ ಓದಿ, ನಿಮ್ಮ ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡಿದೆ. ತಿಂದಿಲ್ಲ. ಆದರೆ ನಮಗೆ ಅರ್ಥವಾಗುವ ಹಾಗೆ ಹೇಳಿಯೂ ಇಲ್ಲ.

ಸಿದ್ಧಗಂಗೆ ಜಾತ್ರೆಯಲ್ಲಿ ಅಂಗಡಿ ಹಾಕಿದಾಗ ಒಂದು ಕೈಲಿ ಫ್ರಾಕ್ ಕೊಟ್ಟು ಇನ್ನೊಂದು ಕೈಲಿ ದುಡ್ಡು ತಗೊಳ್ತೀರಿ. ವ್ಯಾಪಾರ ಅಲ್ಲಿಗೆ ಮುಗೀತು. ಆನ್‌ಲೈನ್‌ನಲ್ಲಿ ಫ್ರಾಕ್ ಹೋದ ದಿನ ವ್ಯಾಪಾರ ಮುಗಿಯುವುದಿಲ್ಲ. ವಾಪಸ್ ಕೊಡುವ ಗಡುವು ಕಳೆದ ಮೇಲೆ ಮುಗಿಯುತ್ತದೆ. ನಿಮ್ಮ ಲೆಕ್ಕ ಎಡವಿದ್ದು ಇಲ್ಲೇ.

ಮೊದಲು ಕಮಿಷನ್. 12 ಪರ್ಸೆಂಟ್ ಅಂತ ಕೇಳಿ ನೀವು ಫ್ರಾಕಿನ ಬೆಲೆ 525ರಲ್ಲಿ 63 ಕಳೆದು, ಒಂದಕ್ಕೆ 462 ಬರುತ್ತೆ ಅಂದುಕೊಂಡಿದ್ದೀರಿ. ಆ 63 ಬರೀ ಕಮಿಷನ್. ಅದರ ಮೇಲೆ ಆರ್ಡರಿಗೆ 20 ರೂಪಾಯಿ ಫಿಕ್ಸೆಡ್ ಫೀ, 62 ರೂಪಾಯಿ ಶಿಪ್ಪಿಂಗ್. ಒಟ್ಟು 145. ಈ 145ಕ್ಕೆ 18 ಪರ್ಸೆಂಟ್ ಜಿಎಸ್‌ಟಿ, ಅಂದರೆ 26.10. ಅಲ್ಲಿಗೆ 171.10 ಹೋಯಿತು. ನೂರಕ್ಕೆ 12 ಅಲ್ಲ, ಹೆಚ್ಚು ಕಡಿಮೆ 33.

ಇನ್ನೊಂದು ಪುಟ್ಟ ಸಾಲು ಇದೆ, ಟಿಸಿಎಸ್ ಅಂತ, ಮಾರಾಟದ ದುಡ್ಡಿನಲ್ಲಿ ಮೊದಲೇ ಹಿಡಿಯುವ ಜಿಎಸ್‌ಟಿ. ನಿಮ್ಮ 525ರಲ್ಲಿ 25 ರೂಪಾಯಿ ಜಿಎಸ್‌ಟಿ, ಬಟ್ಟೆಗೆ 5 ಪರ್ಸೆಂಟಿನ ಹಾಗೆ. ಉಳಿದ 500ರ ಮೇಲೆ ಅರ್ಧ ಪರ್ಸೆಂಟ್, ಎರಡೂವರೆ ರೂಪಾಯಿ ಹಿಡಿದಿದ್ದಾರೆ. 2024ರ ಜುಲೈ 10ಕ್ಕೆ ಮುಂಚೆ ಇದು ಒಂದು ಪರ್ಸೆಂಟ್ ಇತ್ತು. ಇದು ಅವರ ಜೇಬಿಗೆ ಹೋಗುವ ದುಡ್ಡಲ್ಲ. ನಿಮ್ಮ ಹೆಸರಲ್ಲಿ ಸರ್ಕಾರಕ್ಕೆ ಕಟ್ಟುತ್ತಾರೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ TDS and TCS Credit Received ಅನ್ನುವ ಕಡೆ ಹೋಗಿ ಒಪ್ಪಿಕೊಂಡರೆ ನಿಮ್ಮ ಕ್ಯಾಶ್ ಲೆಡ್ಜರಿಗೆ, ಅಂದರೆ ಪೋರ್ಟಲ್‌ನಲ್ಲಿರುವ ನಿಮ್ಮ ಜಿಎಸ್‌ಟಿ ದುಡ್ಡಿನ ಖಾತೆಗೆ ಬರುತ್ತದೆ. ನಾಲ್ಕು ತಿಂಗಳಿಂದ ಯಾರೂ ಅದನ್ನ ಮುಟ್ಟಿಲ್ಲ. ತಪ್ಪು ನನ್ನದೂ ಇದೆ, ಈ ವಾರ ಮಾಡಿಬಿಡುತ್ತೇನೆ. ಆದಾಯ ತೆರಿಗೆಯ ಟಿಡಿಎಸ್ ಮಾತ್ರ ನಿಮಗೆ ಹಿಡಿದಿಲ್ಲ. ಪ್ಯಾನ್ ಕೊಟ್ಟಿದ್ದೀರಿ, ವರ್ಷದ ಮಾರಾಟ 5 ಲಕ್ಷ ದಾಟಿಲ್ಲ, ಅದಕ್ಕೇ.

ಹಾಗಾಗಿ ಒಂದು ಫ್ರಾಕಿಗೆ ಬ್ಯಾಂಕಿಗೆ ಬರುವುದು 351.40. ನೀವು ಕಟ್ಟಬೇಕಾದ 25 ರೂಪಾಯಿ ಜಿಎಸ್‌ಟಿಗೆ ಅವರು ಫೀಸಿನ ಮೇಲೆ ಹಾಕಿದ 26.10 ವಜಾ ಆಗುತ್ತದೆ. ಟಿಸಿಎಸ್ ಕೂಡ ಸೇರಿಸಿದರೆ ನಿಜವಾಗಿ ಕೈಗೆ 355 ಅನ್ನಿ. ಬಟ್ಟೆ 150, ಲೇಸು ಜಿಪ್ಪು 20, ಹೊಲಿಗೆ 80, ಕವರ್ 10. ಒಟ್ಟು 260 ಖರ್ಚು. ಉಳಿಯುವುದು 95.

ಆ 95 ರೂಪಾಯಿ ನೆನಪಲ್ಲಿ ಇಟ್ಟುಕೊಂಡು ರಿಟರ್ನ್ ಭಾಗ ಓದಿ. ಈ ಪಾಲಿಸಿಯಲ್ಲಿ ಎರಡು ಥರದ ವಾಪಸ್ ಇದೆ. ಗಿರಾಕಿ ಮನೆಯಲ್ಲಿಲ್ಲ, ಫೋನ್ ಎತ್ತಲಿಲ್ಲ, ಬಾಗಿಲಲ್ಲೇ ಬೇಡ ಅಂದ, ಪಾರ್ಸೆಲ್ ಹಾಗೇ ತಿರುಗಿ ಬಂತು. ಅದನ್ನ ಆರ್‌ಟಿಓ ಅಂತಾರೆ, ಅದಕ್ಕೆ ನಿಮಗೆ ಚಾರ್ಜ್ ಇಲ್ಲ. ಗಿರಾಕಿ ತಗೊಂಡು, ಬಿಚ್ಚಿ ನೋಡಿ, 7 ದಿನದೊಳಗೆ ವಾಪಸ್ ಮಾಡಿದರೆ ಅದು ಕಸ್ಟಮರ್ ರಿಟರ್ನ್. ಆಗ ಕಮಿಷನ್, ಫಿಕ್ಸೆಡ್ ಫೀ, ಹೋಗುವ ಶಿಪ್ಪಿಂಗ್ ಎಲ್ಲ ಬಿಡುತ್ತಾರೆ. ಆದರೆ ವಾಪಸ್ ತರುವುದಕ್ಕೆ 110 ರೂಪಾಯಿ, ಜಿಎಸ್‌ಟಿ ಸೇರಿ 129.80, ನಿಮ್ಮ ಲೆಕ್ಕದಿಂದ ಮುರಿದುಕೊಳ್ಳುತ್ತಾರೆ. ಆ ಜಿಎಸ್‌ಟಿಯೂ ವಜಾ ಆಗುತ್ತೆ ಅಂತ ಬಿಟ್ಟರೂ 110 ನಷ್ಟ. ಒಂದು ವಾಪಸ್ ಬಂದರೆ ಒಂದು ಮಾರಾಟದ ಲಾಭ ಪೂರ್ತಿ ಹೋಗಿ, ಮೇಲೆ 15 ರೂಪಾಯಿ ಕೈಯಿಂದ. 10 ಆರ್ಡರಲ್ಲಿ 2 ವಾಪಸ್ ಬಂದರೆ ಉಳಿಯುವುದು 540. ಐದು ಬಂದರೆ ನೀವು ಹೊಲಿದದ್ದು ಸುಮ್ನೆ.

ನಿಮ್ಮ ವಾಪಸ್‌ಗಳ ಕಾರಣ ನೋಡಿದೆ. ಮೂರಕ್ಕೆ ಮೂರೂ ಸೈಜ್. ನೀವು "3-4 ವರ್ಷ" ಅಂತ ಮಾತ್ರ ಹಾಕಿದ್ದೀರಿ. ನಮ್ಮ ಕಡೆಯ ನಾಲ್ಕು ವರ್ಷದ ಮಗುವೂ ಪಂಜಾಬಿನ ನಾಲ್ಕು ವರ್ಷದ ಮಗುವೂ ಒಂದೇ ಅಳತೆಯೇ? ಎದೆ ಸುತ್ತಳತೆ, ಉದ್ದ, ಭುಜ, ಇಂಚಿನಲ್ಲಿ ಹಾಕಿ. ಫ್ರಾಕಿನ ಮೇಲೆ ಟೇಪ್ ಇಟ್ಟು ತೆಗೆದ ಒಂದು ಫೋಟೋ ಕೂಡ ಇರಲಿ.

ವಾಪಸ್ ಬಂದ ಪಾರ್ಸೆಲ್ ಬಿಚ್ಚುವಾಗ ವಿಡಿಯೋ ಮಾಡಿ. ಲೇಬಲ್ ಕಾಣಬೇಕು, ನಡುವೆ ನಿಲ್ಲಿಸಬಾರದು. ತೊಟ್ಟು ಕೊಳೆಯಾದ ಫ್ರಾಕೋ, ಬೇರೆ ಯಾರದೋ ಹಳೇ ಬಟ್ಟೆಯೋ ಬಂದರೆ 3 ದಿನದೊಳಗೆ ಕ್ಲೇಮ್ ಹಾಕಬೇಕು. ನಾಲ್ಕನೇ ದಿನ ಅವರು ಕೇಳುವುದಿಲ್ಲ. ಭಾನುವಾರವೂ ಲೆಕ್ಕಕ್ಕೆ ಸೇರುತ್ತದೆ. ಹಾಗಂತ ನಿಮ್ಮ ಕಡೆಯಿಂದಲೇ ಹೊಲಿಗೆ ಬಿಟ್ಟದ್ದು ಹೋಗಿದ್ದರೆ ವಾದ ಬೇಡ. 2020ರ ಇ-ಕಾಮರ್ಸ್ ನಿಯಮದಲ್ಲೇ ಕೆಟ್ಟ ಮಾಲನ್ನು ವಾಪಸ್ ತಗೊಳ್ಳಲ್ಲ ಅನ್ನುವ ಹಾಗಿಲ್ಲ.

ಈಗ ದುಡ್ಡು ಬರುವ ದಿನ. ಡೆಲಿವರಿ ಆಗಿ 7 ದಿನ ಕಳೆಯಬೇಕು. ಹಾಗೆ ಗಡುವು ಮುಗಿದ ಆರ್ಡರುಗಳ ಪಟ್ಟಿಯನ್ನ ಮಂಗಳವಾರ ರಾತ್ರಿ ಮುಚ್ಚುತ್ತಾರೆ, ಬುಧವಾರ ದುಡ್ಡು ಹಾಕುತ್ತಾರೆ. 3ನೇ ತಾರೀಕು ಮಂಗಳವಾರ ತಲುಪಿದ್ದಕ್ಕೆ 10ಕ್ಕೆ ಗಡುವು ಮುಗಿದು 11ಕ್ಕೆ ದುಡ್ಡು. ಅದೇ 4ನೇ ತಾರೀಕು ಬುಧವಾರ ತಲುಪಿದ್ದಕ್ಕೆ 18ರ ತನಕ ಕಾಯಬೇಕು. ಒಂದು ದಿನ ತಡವಾದರೆ ಒಂದು ವಾರ ತಡ. ಪಾರ್ಸೆಲ್ ದಾರಿಯಲ್ಲಿರುವ ದಿನವೂ ಸೇರಿದರೆ ಬಟ್ಟೆಗೆ ಹಾಕಿದ ಬಂಡವಾಳ ಮೂರು ವಾರ ಸಿಕ್ಕಿಕೊಂಡಿರುತ್ತದೆ. ಅಂಗಡಿಯವರ ಹತ್ತಿರ 15 ದಿನದ ಸಾಲದಲ್ಲಿ ಬಟ್ಟೆ ತರ್ತಿದ್ದೀರಲ್ಲ, ಅದು ಹೊಂದುವುದಿಲ್ಲ. ಒಂದು ತಿಂಗಳು ಕೇಳಿ ನೋಡಿ.

ಇನ್ನು ನಿಮ್ಮ 14ರ ಕಥೆ. 8 ಸೆಟಲ್ ಆಗಿವೆ, 2,811.20. 4 ಇನ್ನೂ ಗಡುವಿನಲ್ಲಿವೆ, ಬುಧವಾರ ನೋಡಿ. 2 ವಾಪಸ್. ಜೊತೆಗೆ ಹಿಂದಿನ ವಾರ ದುಡ್ಡು ಬಂದಿದ್ದ ಒಂದು ಫ್ರಾಕ್ ಕೂಡ ವಾಪಸ್ ಆಗಿದೆ. ಗಿರಾಕಿ 6ನೇ ದಿನ ಅರ್ಜಿ ಹಾಕಿದ್ದರಿಂದ ಸಿಸ್ಟಂಗೆ ತಡವಾಗಿ ಏರಿದೆ. ಅದರ 351.40 ಹಿಂದಕ್ಕೆ ತಗೊಂಡಿದ್ದಾರೆ. ಮೂರು ವಾಪಸ್ಸಿನ ಚಾರ್ಜ್ 389.40. ಉಳಿದದ್ದು 2,070.40. ಅದರಲ್ಲಿ 354 ರೂಪಾಯಿ ಜಾಹೀರಾತಿಗೆ ಹೋಗಿದೆ, 300ಕ್ಕೆ ಜಿಎಸ್‌ಟಿ ಸೇರಿ. ನೀವು ಹಾಕಿಲ್ಲ ಅಂದಿರಿ. ಆ್ಯಪ್‌ನಲ್ಲಿ "ಮಾರಾಟ ಹೆಚ್ಚಿಸಿ" ಅಂತ ಬಂದಾಗ ಒತ್ತಿದ್ದೀರಿ, ಅದೇ ಇದು. ಮೊದಲು ಅದನ್ನ ನಿಲ್ಲಿಸಿ.

ಒಂದು ಮರೆತಿದ್ದೆ. ಗಿಫ್ಟ್ ಥರ ಚೆನ್ನಾಗಿ ಕಾಣಲಿ ಅಂತ ಡಬ್ಬದಲ್ಲಿ ಕಳಿಸೋಣ ಅಂದಿರಿ, ಬೇಡ. ಶಿಪ್ಪಿಂಗಿಗೆ ತೂಕವನ್ನೂ ಅಳತೆಯನ್ನೂ ನೋಡಿ ಯಾವುದು ಜಾಸ್ತಿಯೋ ಅದನ್ನ ಹಿಡಿಯುತ್ತಾರೆ. ಸೆಂಟಿಮೀಟರಿನಲ್ಲಿ ಉದ್ದ, ಅಗಲ, ಎತ್ತರ ಗುಣಿಸಿ 5000ದಿಂದ ಭಾಗಿಸಬೇಕು. ನೀವು ತೋರಿಸಿದ 30, 25, 10ರ ಡಬ್ಬ ಒಂದೂವರೆ ಕೆಜಿ ಆಗುತ್ತದೆ. ನಿಮ್ಮ ಫ್ರಾಕ್ ಕಾಲು ಕೆಜಿಯೂ ಇಲ್ಲ. ಮಡಿಚಿ ಕವರಿಗೇ ಹಾಕಿ.

ಬೆಲೆ 525ರಿಂದ ಏರಿಸಬೇಕಾ ಅಂತ ಕೇಳಿದ್ದಿರಿ. ನನ್ನನ್ನ ಕೇಳಿದರೆ ಈಗಲೇ ಬೇಡ. ಅಳತೆ ಸರಿಯಾಗಿ ಹಾಕಿ ಒಂದು ತಿಂಗಳು ನೋಡಿ. ಅಲ್ಲೀತನಕ ಪ್ರತಿ ಬುಧವಾರದ ಸ್ಟೇಟ್‌ಮೆಂಟ್ ಡೌನ್‌ಲೋಡ್ ಮಾಡಿ ನನಗೆ ವಾಟ್ಸಾಪ್ ಮಾಡಿ. ಶನಿವಾರ ಸಂಜೆ ಐದರ ಮೇಲೆ ಆಫೀಸಲ್ಲೇ ಇರ್ತೀನಿ, ಬಟ್ಟೆ ತಂದ ಬಿಲ್ಲುಗಳನ್ನೂ ತನ್ನಿ.