ಏಳರಿಂದ ಒಂದು

ಅಜ್ಜಿಗೆ ಯಾವ ಫೋಟೋ ತೋರಿಸಿದರೂ ಬರುವ ಉತ್ತರ ಒಂದೇ: "ಚೆಂದಾಗದೆ ಕಣವ್ವ." ಎರಡೂ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಯಿತು. ಆಪರೇಶನ್ ಅಂದರೆ "ಸುಗ್ಗಿ ಮುಗೀಲಿ" ಅನ್ನುತ್ತಾಳೆ. ಸುಗ್ಗಿ ಮುಗಿದರೆ "ಬಿಸ್ಲು ಇಳೀಲಿ" ಅನ್ನುತ್ತಾಳೆ. ಹೋದ ದಸರಾ ರಜೆಯಲ್ಲಿ ಸಿಂಚನ ಫೋನನ್ನು ತಲೆಕೆಳಗು ಮಾಡಿ ಹಿಡಿದಿದ್ದಳು. ಆಗಲೂ ಚೆಂದಾಗಿತ್ತು. ಆಮೇಲೆ ಫೋನ್ ಆಫ್ ಮಾಡಿ ಬರೀ ಕಪ್ಪು ಗಾಜು ತೋರಿಸಿದಳು. ಅದೂ ಚೆಂದಾಗಿತ್ತು.

ಹಾಗಾಗಿ, ನೋಡದೇ ಹೊಗಳುವವರ ಮಾತು ಹೇಗಿರುತ್ತದೆಂದು ಎಂಟನೇ ಕ್ಲಾಸಿನ ಆ ಹುಡುಗಿಗೆ ಚೆನ್ನಾಗಿಯೇ ಗೊತ್ತಿತ್ತು.

ಧನುರ್ಮಾಸದ ಮೊದಲ ವಾರ. ಪಾಂಡವಪುರದ ಆಚೆಗಿರುವ ಅವರ ಊರಲ್ಲಿ ಬೆಳಗ್ಗೆ ಐದೂವರೆಗೆಲ್ಲ ಬೀದಿಯುದ್ದಕ್ಕೂ ಸಗಣಿನೀರಿನ ವಾಸನೆ. ಸಿಂಚನ ಅವತ್ತು ಎಳೆ ರಂಗೋಲಿ ಬಿಟ್ಟಿದ್ದಳು. ಏಳರಿಂದ ಒಂದು, ನೇರ ಚುಕ್ಕಿ: ನಡುವೆ 7, ಅದರ ಮೇಲೂ ಕೆಳಗೂ 5, ಆಮೇಲೆ 3, ಕೊನೆಗೆ 1. ಒಟ್ಟು 25. ಪ್ರತಿ ಚುಕ್ಕಿಯ ಸುತ್ತ ಎಳೆ ಬಳಸಿಕೊಂಡು ಹೋಗಿ, ಒಂದೊಂದು ಚುಕ್ಕಿಗೂ ಒಂದೊಂದು ಮನೆ. ಬಣ್ಣ ತುಂಬಿರಲಿಲ್ಲ, ಎಳೆ ರಂಗೋಲಿಗೆ ಬಣ್ಣ ತುಂಬುವುದೆಂದರೆ ಮುದ್ದೆಗೆ ಸಕ್ಕರೆ ಹಾಕಿದ ಹಾಗೆ ಅಂತ ಅಜ್ಜಿ ಹೇಳಿಕೊಟ್ಟಿದ್ದಳು.

ಅಣ್ಣನ ಫೋನಿನ ಚಾಟ್ ಆಪ್‌ಗೆ ಫೋಟೋ ಹಾಕಿ, ಹೇಗಿದೆ ಅಂತ ಕೇಳಿದಳು. ಎಂಟು ಸಾಲು ಹೊಗಳಿಕೆ ಬಂತು. ಸಮಮಿತಿ, ಪರಂಪರೆ, ತಾಳ್ಮೆ, ಕೊನೆಗೆ ಮನಸೆಳೆಯುವ ಬಣ್ಣಗಳ ಹೊಂದಾಣಿಕೆ.

"ಅಣ್ಣ, ಇದು ಅಜ್ಜಿ ಥರಾನೇ," ಅಂದಳು.

ಮಂಡ್ಯದಲ್ಲಿ ಡಿಪ್ಲೊಮಾ ಓದುವ ಅಣ್ಣ ಹಲ್ಲುಜ್ಜುತ್ತಲೇ ಅದರ ಪರ ವಾದಿಸಿದ. "ಅಂಗಲ್ಲ ಕಣೇ. ಅದು ಫೋಟೋನ ಚೂರು ಚೂರು ಚೌಕ ಮಾಡ್ಕಂಡು, ಒಂದೊಂದನ್ನೂ ನಂಬರ್ ಮಾಡ್ಕಂಡು ನೋಡ್ತದೆ. ನಿನ್ನಂಗೆ ಕಣ್ಣಿಲ್ಲ, ಅಷ್ಟೇ."

"ನೋಡ್ತದೆ ಅಂತ ನಿಂಗೆ ಹೆಂಗೊತ್ತು?"

ಅಣ್ಣ ಬಾಯಿ ಮುಕ್ಕಳಿಸಲು ಹೋದವನು ವಾಪಸ್ ಬರಲಿಲ್ಲ.

ಸಿಂಚನ ವಿಜ್ಞಾನದ ನೋಟ್‌ಬುಕ್ಕಿನ ಕೊನೆಯ ಹಾಳೆ ತೆಗೆದಳು. ಮೊದಲು ಫೋಟೋ ಹಾಕದೇ ಅದೇ ಪ್ರಶ್ನೆ ಕೇಳಿದಳು. ಈ ಸಲವೂ ಬಣ್ಣ ಕಂಡರೆ ಕಳ್ಳ ಸಿಕ್ಕಿಬಿದ್ದ ಹಾಗೆ. ಆದರೆ ಫೋಟೋ ಬಂದಿಲ್ಲ, ಕಳಿಸಿ ಅನ್ನುವ ಉತ್ತರ ಬಂತು. ಸರಿ, ಒಂದು ಅಂಕ. ಎರಡನೆಯದಕ್ಕೆ ರಂಗೋಲಿಯ ಅಂಚಿಗೆ ಅಪ್ಪನ ಹವಾಯಿ ಚಪ್ಪಲಿ ಒಂದನ್ನೇ ಇಟ್ಟು ಫೋಟೋ ತೆಗೆದು, ಇಲ್ಲಿ ಏನೇನಿದೆ ಅಂದಳು. ನೀಲಿ ಪಟ್ಟಿಯ ಚಪ್ಪಲಿ, ಒಂದೇ ಕಾಲಿನದು ಅಂತ ಸರಿಯಾಗಿ ಹೇಳಿತು. ಇದು ಅವಳಿಗೆ ಅಷ್ಟು ಹಿಡಿಸಲಿಲ್ಲ. ಪರೀಕ್ಷೆ ಮಾಡುವವರಿಗೆ ಎದುರಿನವರು ಪಾಸಾಗುವುದು ಒಳಗೊಳಗೇ ಬೇಡವಾಗಿರುತ್ತದೇನೋ.

ಮೂರನೆಯದು ಸ್ವಲ್ಪ ಮೋಸದ ಪ್ರಶ್ನೆ. ಅದೇ ಫೋಟೋ ಹಾಕಿ, ಎಡಗಡೆ ಮೂಲೆಯ ನವಿಲು ಸರಿಯಾಗಿ ಬಂದಿದೆಯಾ ಅಂತ ಕೇಳಿದಳು. ನವಿಲಿನ ಕತ್ತಿನ ಬಾಗು ತುಂಬಾ ಸೊಗಸಾಗಿದೆಯಂತೆ! ಗರಿಗಳಿಗೆ ಇನ್ನೊಂದಿಷ್ಟು ವಿವರ ಕೊಡಬಹುದಿತ್ತಂತೆ!

"ಸಿಕ್ಕಾಕ್ಕಂತು," ಅಂತ ಅವಳು ಜಗುಲಿ ಮೇಲೆ ಕುಣಿದಳು.

ಇನ್ನು ಚುಕ್ಕಿಯ ಲೆಕ್ಕ. ಏಳರಿಂದ ಒಂದು ಅಂದರೆ 25 ಅನ್ನುವುದು ರಂಗೋಲಿ ಪುಸ್ತಕದಲ್ಲೇ ಇರುತ್ತದೆ, ನೋಡದೆಯೂ ಹೇಳಬಹುದು. ಅದಕ್ಕೇ ಅವಳು ಉಗುರಿನ ತುದಿಯಿಂದ, ಎಳೆ ಕೆಡದಂತೆ, ಬಲಗಡೆಯ ಒಂದು ಚುಕ್ಕಿಯನ್ನು ಅಳಿಸಿದಳು. ಫೋನ್ ತರಲು ಒಳಗೆ ಹೋಗಿ, ಅಮ್ಮ ಕೊಟ್ಟ ಕಾಫಿ ಕುಡಿದು, ಬಂದು ಹೊಸ ಫೋಟೋ ತೆಗೆದಳು. 25 ಅಂದರೆ ಅಂದಾಜು, 24 ಅಂದರೆ ನೋಟ. ನೋಟ್‌ಬುಕ್ಕಿನಲ್ಲಿ ಹಾಗೆಂದು ಮೊದಲೇ ಬರೆದಿಟ್ಟುಕೊಂಡಳು, ಆಮೇಲೆ ಮಾತು ಬದಲಿಸಬಾರದಲ್ಲ.

ಉತ್ತರ ಬಂತು: 23.

ಬರೆದುಕೊಂಡದ್ದರಲ್ಲಿ ಇದಕ್ಕೆ ಜಾಗವೇ ಇರಲಿಲ್ಲ. ನಕ್ಕು, ತಪ್ಪು ಅಂತ ಗೀಚಿದಳು. ಗೀಚಿದ ಮೇಲೆ, ಯಾಕೋ, ಫೋಟೋವನ್ನು ಬೆರಳಲ್ಲಿ ದೊಡ್ಡದು ಮಾಡಿ ಸಾಲುಸಾಲಾಗಿ ಎಣಿಸಿದಳು. 1, 3, 5, 6... ಕೆಳಗಿನ ಐದರ ಸಾಲಲ್ಲಿ ನಾಲ್ಕೇ. ಅಂಗಳಕ್ಕೆ ಓಡಿ ನೋಡಿದರೆ ಅಲ್ಲೂ ನಾಲ್ಕೇ. ಖಾಲಿ ಮನೆಯ ಪಕ್ಕದಲ್ಲಿ ಮೂರು ಬೆರಳಿನ ಸಣ್ಣ ಹೆಜ್ಜೆ. ಅಜ್ಜಿಯ ಹಟಕ್ಕೆ ಅವರ ಮನೆಯಲ್ಲಿ ಇನ್ನೂ ಅಕ್ಕಿಹಿಟ್ಟಿನದೇ ರಂಗೋಲಿ. ಅಂಗಡಿಯ ಪುಡಿ ಕಲ್ಲಿಂದು, ಅದನ್ನು ಇರುವೆ ಕೂಡ ಮೂಸುವುದಿಲ್ಲ ಅನ್ನುತ್ತಾಳೆ. ಕಾಫಿ ಕುಡಿಯುವಷ್ಟರಲ್ಲಿ ಪಕ್ಕದ ಮನೆಯ ಕೋಳಿ ಬಂದು ಒಂದು ಚುಕ್ಕಿ ತಿಂದು ಹೋಗಿತ್ತು.

ಅಂದರೆ ತಾನು ನೋಡಿರಲಿಲ್ಲ, ಅದು ನೋಡಿತ್ತು.

ಅವಳಿಗೆ ಮುಖ ಬಿಸಿಯಾಯಿತು. ಹೊಸ ಚಾಟ್ ತೆರೆದು ಅದೇ ಫೋಟೋ, ಅದೇ ಪ್ರಶ್ನೆ ಇನ್ನೊಮ್ಮೆ ಹಾಕಿದಳು. 27. ಇನ್ನೊಮ್ಮೆ. 25. ಹಾಗಾದರೆ ಆ 23 ಕಂಡದ್ದೋ, ಕುರುಡುಗಲ್ಲು ಬಿದ್ದದ್ದೋ? ತಪ್ಪು ಅನ್ನುವುದನ್ನು ಹೊಡೆದುಹಾಕಿ ಸರಿ ಅಂತ ಬರೆದಿದ್ದಳು. ಈಗ ಸರಿಯನ್ನೂ ಹೊಡೆದುಹಾಕಿದಳು. ಹಾಳೆ ಹರಿಯುವ ಹಾಗಾಯಿತು.

ಅಜ್ಜಿ ಗೋಡೆ ಹಿಡಿದುಕೊಂಡು ಬಿಸಿಲು ಕಾಯಿಸಲು ಜಗುಲಿಗೆ ಬಂದಳು. ಸಿಂಚನಳಿಗೆ ಆಗ ಹೊಳೆಯಿತು, ಈ ಪರೀಕ್ಷೆ ಇವಳಿಗೂ ಇಡಬೇಕು. ಫೋನನ್ನು ಅಜ್ಜಿಯ ಮುಖಕ್ಕೆ ಹಿಡಿದು ಕೇಳಿದಳು, "ಅಜ್ಜಿ, ನನ್ ರಂಗೋಲಿ ನೋಡು. ಮೂಲೇಲಿ ನವಿಲು ಹೆಂಗದೆ?"

"ಚೆಂ..." ಅಂದವಳು ಅಲ್ಲೇ ನಿಂತಳು. "ನವಿಲಾ? ಬೆಳಗ್ಗೆ ಎಷ್ಟು ಚುಕ್ಕಿ ಮಡಗ್ದೆ?"

"ಏಳರಿಂದ ಒಂದು."

"ಎಳೆ ರಂಗೋಲಿ ತಾನೆ? ಅದ್ರಲ್ಲಿ ನವಿಲು ಎಲ್ಲಿ ಕೂತ್ಕತ್ತದೆ, ನಿನ್ ತಲೆ ಮೇಲಾ?"

"ನಿಂಗೆ ಕಾಣ್ತದಾ ಇಲ್ವಾ, ಅದನ್ನ ಹೇಳು ಮೊದ್ಲು."

"ಕಾಣದೇನು ಬಂತು. ಇಲ್ಲ ಅಂತ ಹೇಳಕ್ಕೆ ಕಣ್ ಬೇಕಾ?"

ನೋಟ್‌ಬುಕ್ಕಿನಲ್ಲಿ ಇದನ್ನು ಯಾವ ಸಾಲಿಗೆ ಹಾಕುವುದು? ನೋಡಲಿಲ್ಲ, ಆದರೆ ತಪ್ಪು ಹೇಳಲಿಲ್ಲ. ಸಿಂಚನ ಪೆನ್ನಿನ ತುದಿ ಕಚ್ಚುತ್ತಾ, "ಎರಡು ಚುಕ್ಕಿ ಹೋಗವೆ ಅಜ್ಜಿ. ಒಂದು ನಾನು ಅಳ್ಸಿದ್ದು, ಇನ್ನೊಂದು ಕೋಳಿ ತಿಂದಿದ್ದು," ಅಂದಳು.

"ಹೊಸಿಲ ಮುಂದೆ ಮನೆ ಖಾಲಿ ಬುಡ್ತಾರೇನೇ ಕೂಸೇ?" ಅಜ್ಜಿ ಮೆಟ್ಟಿಲಿಳಿದು ಕುಕ್ಕರಗಾಲಲ್ಲಿ ಕೂತಳು. ಹಿಟ್ಟಿನ ಬಟ್ಟಲು ಕೇಳಿ ಇಸಿದುಕೊಂಡಳು. ನೆಲಕ್ಕೆ ಮುಖ ತಂದು, ಎಡಗೈಯನ್ನು ರಂಗೋಲಿಯ ಮೇಲೆ ತಾಗಿಯೂ ತಾಗದ ಹಾಗೆ ನಡುವಿನಿಂದ ಹೊರಕ್ಕೆ ಆಡಿಸುತ್ತಾ, ಬಾಯಲ್ಲೇ ಏನೋ ಎಣಿಸುತ್ತಾ ಹೋದಳು. ಬಲಗಡೆಯ ಖಾಲಿ ಮನೆ ಬಂದಾಗ ಕೈ ನಿಂತಿತು. ಎರಡು ಬೆರಳಿಂದ ಚಿಟಿಕೆ ಹಿಟ್ಟು ಇಳಿಯಿತು. ಮನೆಯ ನಟ್ಟನಡುವೆ, ಅಳೆದು ಇಟ್ಟ ಹಾಗೆ.

ಎರಡನೆಯದು ಎಳೆಯ ಮೇಲೆ ಬಿತ್ತು.

"ಆಯ್ತಾ?" ಅಂದಳು ಅಜ್ಜಿ, ಕೈ ಕೊಡವುತ್ತಾ.

"ಚೆಂದಾಗದೆ ಅಜ್ಜಿ," ಅಂದಳು ಸಿಂಚನ. ಆಮೇಲೆ ಜಗುಲಿಯ ಮೇಲೆ ಕೂತು, ಅಜ್ಜಿಯ ಹೆಸರಿನ ಮುಂದೆ 24 ಅಂತ ಬರೆದು, ಸ್ವಲ್ಪ ಹೊತ್ತು ಯೋಚಿಸಿ, ಪಕ್ಕದಲ್ಲಿ ಅರ್ಧ ಸೇರಿಸಿದಳು. ಕೋಳಿ ಬೇಲಿಯ ಕೆಳಗಿಂದ ಮತ್ತೆ ನುಸುಳುತ್ತಿತ್ತು.