ಮೂರನೇ ಮಂಜುನಾಥನ ನಮಸ್ಕಾರಗಳು

ಎಲ್ಲರಿಗೂ ನಮಸ್ಕಾರ.

ನಾನು ಮಂಜುನಾಥ. ಗೊತ್ತು, ಟೀಮ್‌ನಲ್ಲಿ ಈಗಾಗಲೇ ಇಬ್ಬರಿದ್ದೀರಿ. ಬೆಳಗ್ಗೆ ರಿಸೆಪ್ಷನ್‌ನಲ್ಲಿ ಹೆಸರು ಹೇಳಿದೆ. ಅಲ್ಲಿದ್ದ ಮೇಡಂ ತಲೆಯನ್ನೂ ಎತ್ತದೆ "ಇನ್ನೊಬ್ರಾ?" ಅಂದರು. ನನಗೆ ಸಿಕ್ಕಿರುವ ಮೇಲ್ ಐಡಿ manjunath3. ಶಾಲೆಯಲ್ಲೂ ನಾವು ಮೂವರಿದ್ದೆವು, ಅಲ್ಲಿ ನನ್ನನ್ನು ಉದ್ದ ಮಂಜ ಅನ್ನುತ್ತಿದ್ದರು. ಇಲ್ಲಿ ನೋಡಿದರೆ ಮೊದಲನೇ ಮಂಜುನಾಥ್ ಸರ್ ನನಗಿಂತ ಅರ್ಧ ಅಡಿ ಎತ್ತರ ಇದ್ದಾರೆ. ಆ ಬಿರುದೂ ಹೋಯಿತು. ಸುಮ್ನೆ "ತಿಪಟೂರು" ಅಂತ ಕರೆಯಿರಿ, ತಿರುಗಿ ನೋಡುತ್ತೇನೆ.

ಕೆಲಸಕ್ಕೆ ಸೇರುವ ಫಾರಂನಲ್ಲಿ ಲಾಸ್ಟ್ ನೇಮ್ ಕೇಳಿದ್ದರು. ನಮ್ಮ ಮನೆಯಲ್ಲಿ ಯಾರಿಗೂ ಆ ಥರದ್ದೊಂದು ಇಲ್ಲ. ಊರಿನ ಮೊದಲಕ್ಷರ, ಅಪ್ಪನ ಹೆಸರಿನ ಮೊದಲಕ್ಷರ, ಆಮೇಲೆ ನಾವು. ಖಾಲಿ ಬಿಟ್ಟರೆ ಮುಂದಕ್ಕೇ ಹೋಗುತ್ತಿರಲಿಲ್ಲ, ಹಾಗಾಗಿ ಟಿ.ಎಸ್. ಅಂತ ತುಂಬಿದೆ. ಅವತ್ತಿನಿಂದ ಆಫೀಸಿನ ಮೇಲ್‌ಗಳೆಲ್ಲ "ಡಿಯರ್ ಮಿಸ್ಟರ್ ಟಿಎಸ್" ಅಂತಲೇ ಬರುತ್ತಿವೆ. ಅಂದರೆ ಅರ್ಧ ತಿಪಟೂರಿಗೆ, ಅರ್ಧ ನಮ್ಮಪ್ಪ ಶಿವಣ್ಣನಿಗೆ. ಕೆಲಸ ಮಾಡೋಕೆ ಮಾತ್ರ ನಾನು.

ಮೊದಲ ದಿನವೇ 25 ನಿಮಿಷ ಲೇಟಾಗಿ ಬಂದಿದ್ದಕ್ಕೆ ಟ್ರಾಫಿಕ್ ಅಂತ ಹೇಳಿದೆ. ಸುಳ್ಳು. ವಿಜಯನಗರದ ಚಿಕ್ಕಮ್ಮನ ಮನೆಯಲ್ಲಿದ್ದೇನೆ, ಬರುವುದು ಮೆಟ್ರೋದಲ್ಲಿ. ಅಲ್ಲಿ ಟ್ರಾಫಿಕ್ ಎಲ್ಲಿಂದ ಬರಬೇಕು? ವಿಜಯನಗರದಿಂದ ಇಂದಿರಾನಗರಕ್ಕೆ ರೈಲು ಬದಲಿಸುವ ಗೋಜೂ ಇಲ್ಲ, ಒಂದೇ ನೇರಳೆ ಮಾರ್ಗ. ಹತ್ತಿದೆ. ಸೀಟೂ ಸಿಕ್ಕಿತು. ಆಫೀಸ್ ಟೈಮಲ್ಲಿ ಸೀಟು ಸಿಕ್ಕಾಗಲೇ ಅನುಮಾನ ಬರಬೇಕಿತ್ತು ಅಂತ ಚಿಕ್ಕಮ್ಮ ಆಮೇಲೆ ಫೋನಲ್ಲಿ ಹೇಳಿದರು. ಮೈಸೂರು ರಸ್ತೆ ಸ್ಟೇಷನ್ ಬಂದಾಗ "ಇಂದಿರಾನಗರ ಇನ್ನೆಷ್ಟು ದೂರ?" ಅಂತ ಪಕ್ಕದ ಅಜ್ಜನ್ನ ಕೇಳಿದೆ. ಅವರು ನನ್ನ ಇಸ್ತ್ರಿ ಶರ್ಟು, ಹೊಸ ಬ್ಯಾಗು ಎಲ್ಲ ನೋಡಿ, "ಹಿಂಗೇ ಕೂತಿರಿ ಸಾರ್. ಚಲ್ಲಘಟ್ಟಕ್ಕೆ ಹೋಗಿ ತಿರುಗಿ ಇದೇ ಬರತ್ತೆ" ಅಂದರು.

ಈಗ ಸ್ವಲ್ಪ ಕೆಲಸದ ವಿಷಯ. ನಾನು ಟೆಸ್ಟರ್. ಅಂದರೆ ನೀವೆಲ್ಲ ಕಷ್ಟಪಟ್ಟು ಮಾಡಿದ್ದರಲ್ಲಿ ತಪ್ಪು ಹುಡುಕಲು ಸಂಬಳ ತೆಗೆದುಕೊಳ್ಳುವವನು. ನಮ್ಮ ಸಂಬಂಧ ಹೇಗಿರುತ್ತದೆ ಅಂತ ಈಗಲೇ ಊಹಿಸಬಹುದು. ಆದರೆ ಇದು ನಮ್ಮ ಮನೆತನದ ಕಸುಬು. ನಮ್ಮೂರಲ್ಲಿ ಬಲಿತ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ತಾನೇ ಇಂಗಿ, ಕಾಯಿ ಚಿಪ್ಪು ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಆಗಿದೆಯೋ ಇಲ್ಲವೋ ನೋಡಲು ಒಡೆಯುವ ಹಾಗಿಲ್ಲ, ಒಡೆದರೆ ಹೋಯಿತು. ನಮ್ಮಜ್ಜಿ ಒಂದೊಂದನ್ನೂ ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. ಗಡಗಡ ಅಂದರೆ ಆಯಿತು, ಈ ಕಡೆ. ಗುಳುಗುಳು ಅಂದರೆ ನೀರಿದೆ, ವಾಪಸ್ ಅಟ್ಟಕ್ಕೆ. ಏನೂ ಅನ್ನದಿದ್ದರೆ ನನ್ನ ಕಡೆ ನೋಡುತ್ತಿದ್ದಳು, ನಾನೇ ಏನೋ ಮಾಡಿದ್ದೇನೆ ಅನ್ನೋ ಥರ. ನಿಮ್ಮ ಕೋಡನ್ನೂ ನಾನು ಹೀಗೇ ಅಲ್ಲಾಡಿಸುವುದು. ಗುಳುಗುಳು ಅಂದರೆ ವಾಪಸ್ ಅಟ್ಟಕ್ಕೆ. ಬೇಜಾರು ಮಾಡ್ಕೋಬೇಡಿ.

ಇದಕ್ಕೆ ಮುಂಚೆ ತುಮಕೂರಿನ ಒಂದು ಸಣ್ಣ ಕಂಪನಿಯಲ್ಲಿ ಮೂರು ವರ್ಷ ಇದ್ದೆ. ಅಂಗಡಿಯವರಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತಿದ್ದರು. ಅಲ್ಲಿನ ಒಂದು ಘಟನೆ ಬೇರೆ ಯಾರಿಂದಲೋ ನಿಮಗೆ ಗೊತ್ತಾಗುವ ಬದಲು ನಾನೇ ಹೇಳಿಬಿಡುವುದು ವಾಸಿ. ಗಿರಾಕಿಗಳಿಗೆ ಮೆಸೇಜ್ ಹೋಗುತ್ತದೋ ಇಲ್ಲವೋ ಅಂತ ಒಂದು ರಾತ್ರಿ ಹನ್ನೊಂದೂವರೆಗೆ ಪರೀಕ್ಷೆ ಮಾಡುತ್ತಿದ್ದೆ. "ಟೆಸ್ಟ್ ಟೆಸ್ಟ್ ಮಂಜ ಟೆಸ್ಟ್" ಅಂತ ಟೈಪ್ ಮಾಡಿ ಕಳಿಸಿದೆ. ಹೋಯಿತು. ಚೆನ್ನಾಗೇ ಹೋಯಿತು. ಟೆಸ್ಟ್ ನಂಬರಿಗಲ್ಲ, ನಿಜವಾದ ನಾನ್ನೂರು ಚಿಲ್ಲರೆ ಅಂಗಡಿಗಳಿಗೆ. ಬೆಳಗ್ಗೆ ಎದ್ದು ನೋಡಿದರೆ ಉತ್ತರಗಳ ರಾಶಿ. ಒಬ್ಬರು "ಯಾರಪ್ಪ ನೀನು" ಅಂದಿದ್ದರು. ಇನ್ನೊಬ್ಬರು "ಕೊಟ್ಟಿದ್ದೀನಲ್ಲಯ್ಯ ಹೋದ ತಿಂಗಳೇ" ಅಂದಿದ್ದರು. ಗುಬ್ಬಿ ಕಡೆಯ ಒಬ್ಬ ದಿನಸಿ ಅಂಗಡಿಯವರು ಮಾತ್ರ "ಪಾಸಾದ್ಯಾ ಮಂಜ?" ಅಂತ ಕೇಳಿದ್ದರು. ಆ ಮೆಸೇಜು ಇನ್ನೂ ನನ್ನ ಫೋನಿನಲ್ಲಿದೆ. ಅಂದಿನಿಂದ ಕಳಿಸು ಅನ್ನೋ ಬಟನ್ ಒತ್ತುವ ಮುಂಚೆ ಮೂರು ಸಲ ನೋಡುತ್ತೇನೆ. ಈ ಮೆಸೇಜನ್ನೂ ನೋಡಿದೆ, ಗ್ರೂಪ್ ಸರಿಯಾಗೇ ಇದೆ ಅಲ್ವಾ?

ನಮ್ಮ ಆಪ್‌ನ ಕನ್ನಡ ಆವೃತ್ತಿ ನನ್ನ ಪಾಲಿಗೆ ಬಂದಿದೆ. ನಿನ್ನೆ ಮೊನ್ನೆ ಊರಲ್ಲೇ ಅಪ್ಪನ ಫೋನಿಗೆ ಹಾಕಿಕೊಟ್ಟು ನೋಡಿದೆ. ಅಪ್ಪನಿಗೆ ಎಪ್ಪತ್ತು. ಸಂಜೆ ಜಗುಲಿ ಮೇಲೆ ಕೂತು ಫೋನನ್ನು ಒಂದು ಮೊಳ ದೂರ ಹಿಡಿದು ಜೋರಾಗಿ ಓದಿದರು: "ನಿಮ್ಮ ಸಮತೋಲನ ಕಡಿಮೆ ಇದೆ." ಒಂದು ನಿಮಿಷ ಮಾತಿಲ್ಲ. ಎದ್ದು ನಿಂತರು. ಗೋಡೆ ಹಿಡಿದುಕೊಂಡು ನಾಲ್ಕು ಹೆಜ್ಜೆ ನಡೆದರು. "ಸರಿಯಾಗೇ ಇದ್ದೀನಲ್ಲೋ" ಅಂದರು. ಖಾತೆಯಲ್ಲಿ ದುಡ್ಡು ಕಡಿಮೆ ಇದೆ ಅನ್ನೋದು ಅದರ ಅರ್ಥ ಅಂತ ಬಿಡಿಸಿ ಹೇಳಿದ ಮೇಲೆ, "ಅದನ್ನ ಹೇಳೋಕೆ ಫೋನ್ ಬೇಕಾ" ಅಂತ ಒಳಗೆ ಹೋದರು. ಆ ಸಾಲನ್ನು "ಖಾತೆಯಲ್ಲಿ ಹಣ ಕಡಿಮೆ ಇದೆ" ಅಂತ ಬದಲಿಸೋಣ ಅಂತ ಇದ್ದೇನೆ. ಇದು ನನ್ನ ಮೊದಲ ಬಗ್. ಲ್ಯಾಪ್‌ಟಾಪ್ ಬಂದ ಕೂಡಲೇ ದಾಖಲಿಸುತ್ತೇನೆ.

ಲ್ಯಾಪ್‌ಟಾಪ್ ಅಂದ ಹಾಗೆ, ಐಟಿಯವರು ನಾಳೆ ಬನ್ನಿ ಅಂದಿದ್ದಾರೆ. ಅದಕ್ಕೇ ಇಷ್ಟು ಉದ್ದ ಬರೆದಿದ್ದು, ಬೇರೆ ಕೆಲಸವೇ ಇಲ್ಲ. ಬೆಳಗ್ಗೆಯಿಂದ ಫೋನ್ ಹಿಡಿದು ಗಂಭೀರವಾಗಿ ಕೂತಿದ್ದನ್ನು ನೋಡಿ ಯಾರೋ "ಹೊಸಬ್ರು ತುಂಬಾ ಸಿನ್ಸಿಯರ್" ಅಂದಿದ್ದು ಕಿವಿಗೆ ಬಿತ್ತು. ದಯವಿಟ್ಟು ಹಾಗೇ ಅಂದುಕೊಂಡಿರಿ.

ಉಳಿದದ್ದು ಬೇಗ ಮುಗಿಸುತ್ತೇನೆ. ಕ್ರಿಕೆಟ್ ಆಡುತ್ತೇನೆ, ಹೆಚ್ಚಾಗಿ ಅಂಪೈರ್ ಆಗಿ. ಮದುವೆ ಆಗಿಲ್ಲ. ಅದರ ಬಗ್ಗೆ ನಮ್ಮ ಚಿಕ್ಕಮ್ಮ ಒಬ್ಬರು ವಿಚಾರಿಸಿದರೆ ಸಾಕು, ಟೀಮ್ ಬೇಡ. ಐಡಿ ಕಾರ್ಡ್ ಫೋಟೋದಲ್ಲಿ ನನ್ನ ಕಣ್ಣು ಮುಚ್ಚಿದೆ. ಗೇಟಿನ ಸೆಕ್ಯುರಿಟಿಯವರು ಕಾರ್ಡ್ ನೋಡಿ, ನನ್ನ ನೋಡಿ, ಮತ್ತೆ ಕಾರ್ಡ್ ನೋಡಿ, "ಕಣ್ಣು ಮುಚ್ಚಿ ತೋರಿಸಿ" ಅಂದರು. ತೋರಿಸಿದೆ. ಒಳಗೆ ಬಿಟ್ಟರು.

ಕೊನೆಗೆ ಮುಖ್ಯವಾದದ್ದು. ಪ್ರಿಂಟರ್ ಪಕ್ಕದ ಟೇಬಲ್ ಮೇಲೆ ಸ್ಟೀಲ್ ಡಬ್ಬ ಇಟ್ಟಿದ್ದೇನೆ. ಅಮ್ಮ ಮಾಡಿದ ಕೊಬ್ಬರಿ ಮಿಠಾಯಿ, ಒಬ್ಬೊಬ್ಬರಿಗೆ ಎರಡು ಬರುತ್ತದೆ. ಹೊರಡುವಾಗ ಅಮ್ಮ "ಹೊಸ ಜಾಗ, ಎಲ್ಲರ ಜೊತೆ ಹೊಂದಿಕೊಂಡು ಹೋಗು" ಅಂತ ಒಂದೇ ಸಲ ಹೇಳಿದಳು. ಡಬ್ಬ ವಾಪಸ್ ತಗೊಂಡು ಬಾ ಅಂತ ನಾಲ್ಕು ಸಲ ಹೇಳಿದಳು. ಮಿಠಾಯಿ ಈಗಾಗಲೇ ಅರ್ಧ ಖಾಲಿಯಾಗಿದೆ, ಸಂತೋಷ. ಆದರೆ ಡಬ್ಬದ ಮುಚ್ಚಳ ಕಾಣಿಸುತ್ತಿಲ್ಲ. ಯಾರ ಡೆಸ್ಕ್ ಮೇಲಾದರೂ ಇದ್ದರೆ ದಯವಿಟ್ಟು ತಿಳಿಸಿ. ಶನಿವಾರ ಊರಿಗೆ ಹೋಗುವವನಿದ್ದೇನೆ.

ಇಂತಿ,
ತಿಪಟೂರು ಮಂಜ (3)